ಫ್ರೀ ಎಲ್ಲಿ ಮುಗಿಯುತ್ತದೆ, ದುಡ್ಡು ಎಲ್ಲಿ ಶುರುವಾಗುತ್ತದೆ: ಸೈಕಲ್ ಕ್ಯಾಂಪಿಗೆ ಕ್ಯಾಪ್ಷನ್ ಬರೆಯುವಾಗ

ಪ್ರಶ್ನೆ: ಸರ್, ದಾವಣಗೆರೆ ಗುಂಡಿ ಸರ್ಕಲ್ ಹತ್ತಿರ ನಮ್ಮದೊಂದು ಸಣ್ಣ ಸೈಕಲ್ ಅಂಗಡಿ ಇದೆ. ನಾನು, ಜೊತೆಗೊಬ್ಬ ಹುಡುಗ. ಶಾಲೆ ಶುರುವಾಗೋ ಮುಂಚೆ ಮೇ 30, 31ಕ್ಕೆ ಸರ್ವಿಸ್ ಕ್ಯಾಂಪ್ ಮಾಡ್ತಿದೀವಿ. ಚೆಕಪ್ ಫ್ರೀ, ರಿಪೇರಿಗೆ ದುಡ್ಡು. ಪಂಕ್ಚರ್ 40, ಬ್ರೇಕ್ ವೈರ್ ಹಾಕೋಕೆ ಕೂಲಿ 30, ವೀಲ್ ಬೆಂಡ್ ತೆಗೆಯೋಕೆ 80, ಓವರಾಯ್ಲಿಂಗ್ 450 ರೂಪಾಯಿ. 'ಉಚಿತ ಸೈಕಲ್ ಸರ್ವಿಸ್ ಕ್ಯಾಂಪ್, ಈ ವೀಕೆಂಡ್ 9-6, ಎಲ್ಲರೂ ಬನ್ನಿ' ಅಂತ ಇನ್‌ಸ್ಟಾಗ್ರಾಂಗೂ ವಾಟ್ಸಾಪಿಗೂ ಕ್ಯಾಪ್ಷನ್ ಬರೆದಿಟ್ಟಿದೀನಿ. ಇಷ್ಟು ಸಾಕಾ?

ಉತ್ತರ: ಸಾಲದು. ತೊಂದರೆ ಇರುವುದು ಮೊದಲ ಪದದಲ್ಲೇ. 'ಉಚಿತ ಸರ್ವಿಸ್' ಅಂತ ಓದಿದವರು ದುಡ್ಡು ತರದೆ ಬರುತ್ತಾರೆ. ಅದು ಅವರ ತಪ್ಪಲ್ಲ. ನಮ್ಮ ಕಡೆ ಸೈಕಲ್ ಸರ್ವಿಸ್ ಅಂದರೆ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ, ಮತ್ತೆ ಜೋಡಿಸಿ ಕೊಡುವುದು. ನೀವು ಫ್ರೀಯಾಗಿ ಕೊಡುತ್ತಿರುವುದು ಅದಲ್ಲ. ನೀವು ಕೊಡುತ್ತಿರುವುದು ಚೆಕಪ್. ಆದ್ದರಿಂದ 'ಉಚಿತ' ಅನ್ನುವ ಪದ 'ಚೆಕಪ್' ಪಕ್ಕದಲ್ಲಿ ಇರಬೇಕು, 'ಸರ್ವಿಸ್' ಪಕ್ಕದಲ್ಲಿ ಅಲ್ಲ.

ಇದನ್ನು ನಾನು ಕಲಿತದ್ದು ಮುಜುಗರ ಪಟ್ಟುಕೊಂಡು. ನಾನು ಅಂಗಡಿ ನಡೆಸುತ್ತಿದ್ದಾಗ ಮಾಡಿದ ಮೊದಲ ಕ್ಯಾಂಪಿಗೆ ನಾನೂ ಬೋರ್ಡಿನ ಮೇಲೆ 'ಉಚಿತ ಸರ್ವಿಸ್' ಅಂತಲೇ ಬರೆಸಿದ್ದೆ. ಒಬ್ಬ ತಾಯಿ ಮಗನ ಸೈಕಲ್ ತಂದರು. ಹಿಂದಿನ ಬ್ರೇಕ್ ವೈರ್ ಎಳೆ ಎಳೆಯಾಗಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡು ಕೇಳದೆ ಹೊಸ ವೈರ್ ಹಾಕಿದೆ. ಆಮೇಲೆ ದುಡ್ಡು ಕೇಳಿದೆ. ಅವರು ಬೋರ್ಡ್ ಕಡೆ ನೋಡಿದರು, ನನ್ನ ಕಡೆ ನೋಡಿದರು. ಪರ್ಸಿನಲ್ಲಿ ಬಸ್ಸಿಗೆ ಆಗುವಷ್ಟು ಮಾತ್ರ ಇತ್ತು. ಮಗನ ಎದುರು, ಸಾಲಿನಲ್ಲಿ ನಿಂತವರ ಎದುರು, ಅವರು 'ಗೊತ್ತಿರಲಿಲ್ಲ ಅಣ್ಣಾ' ಅಂದರು. ನಾನು ದುಡ್ಡು ಬೇಡ ಅಂದೆ, ಆದರೆ ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಆವತ್ತಿನಿಂದ ಕ್ಯಾಪ್ಷನ್ ಬರೆದ ಮೇಲೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಓದಿದ ತಾಯಿಗೆ ಮನೆಯಿಂದ ಹೊರಡುವಾಗ ಎಷ್ಟು ದುಡ್ಡು ಇಟ್ಟುಕೊಳ್ಳಬೇಕು ಅಂತ ಗೊತ್ತಾಗುತ್ತದಾ?

ಹಾಗೆ ಗೊತ್ತಾಗಬೇಕಾದರೆ ಫ್ರೀ ಎಲ್ಲಿ ಮುಗಿಯುತ್ತದೆ ಅನ್ನುವ ಗೆರೆ ಮೊದಲು ನಿಮಗೇ ಸ್ಪಷ್ಟ ಇರಬೇಕು. ಕ್ಯಾಪ್ಷನ್ ಬರೆಯಲು ಕೂರುವ ಮುಂಚೆ ನೀವೂ ನಿಮ್ಮ ಹುಡುಗನೂ ಈ ಗೆರೆ ಎಳೆದುಕೊಳ್ಳಿ. ಇಲ್ಲದಿದ್ದರೆ ನೀವು ಒಬ್ಬರಿಗೆ ಫ್ರೀ ಮಾಡಿದ್ದಕ್ಕೆ ಅವನು ಇನ್ನೊಬ್ಬರ ಹತ್ತಿರ 20 ರೂಪಾಯಿ ತೆಗೆದುಕೊಂಡಿರುತ್ತಾನೆ.

ನಾನು ಇಟ್ಟುಕೊಂಡಿದ್ದ ಗೆರೆ ಇಷ್ಟೇ. ಸ್ಪ್ಯಾನರ್ ಹಾಕಿ ಬಿಗಿ ಮಾಡಿದರೆ ಮುಗಿಯುವ ಕೆಲಸ ಫ್ರೀ. ಯಾವುದಾದರೂ ಪಾರ್ಟ್ ಬಿಚ್ಚಿ ನೆಲದ ಮೇಲೆ ಇಡಬೇಕಾಗಿ ಬಂದರೆ ದುಡ್ಡು. ಬ್ರೇಕ್ ಸಡಿಲ ಇದೆ, ನಟ್ ಸಡಿಲ ಮಾಡಿ ವೈರ್ ಎಳೆದು ಮತ್ತೆ ಬಿಗಿ ಮಾಡಿದರೆ ಸಾಕು: ಫ್ರೀ. ವೈರೇ ಹೋಗಿದೆ, ಹೊಸದು ಹಾಕಬೇಕು: ದುಡ್ಡು. ಹ್ಯಾಂಡಲ್ ಅಲ್ಲಾಡುತ್ತಿದೆ, ಮೇಲಿನ ನಟ್ ಬಿಗಿ ಮಾಡಿದರೆ ನಿಲ್ಲುತ್ತದೆ: ಫ್ರೀ. ಒಳಗೆ ಬಾಲ್ಸ್ ಪುಡಿಯಾಗಿದೆ, ಫೋರ್ಕ್ ಇಳಿಸಬೇಕು: ದುಡ್ಡು. ಈ ಗೆರೆಯ ಒಳ್ಳೆಯ ಗುಣ ಏನೆಂದರೆ ಗಿರಾಕಿಗೂ ಅದು ಕಣ್ಣಿಗೆ ಕಾಣುತ್ತದೆ. ಪಾರ್ಟ್ ನೆಲಕ್ಕೆ ಬಂದರೆ ಬಿಲ್ ಶುರುವಾಯಿತು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಎರಡು ಕಡೆ ಮಾತ್ರ ಈ ಗೆರೆ ಸರಿಹೊಂದುವುದಿಲ್ಲ. ಒಂದು, ವೀಲ್ ಬೆಂಡ್. ಅಲ್ಲಿ ಯಾವ ಪಾರ್ಟನ್ನೂ ಬಿಚ್ಚುವುದಿಲ್ಲ, ಕಡ್ಡಿಗಳ ನಿಪ್ಪಲ್ ತಿರುಗಿಸುವುದಷ್ಟೇ. ಆದರೆ ಕಾಲು ತಿರುವು, ಅರ್ಧ ತಿರುವು ಅಂತ ಎಡಬಲ ನೋಡುತ್ತಾ ಕೂತರೆ ಅರ್ಧ ಗಂಟೆ ಹೋಗುತ್ತದೆ. ಅದನ್ನು ಫ್ರೀ ಪಟ್ಟಿಗೆ ಸೇರಿಸಿದರೆ ಹಿಂದೆ ಕಾಯುತ್ತಿರುವ ಮೂರು ಜನರ ಚೆಕಪ್ ತಪ್ಪುತ್ತದೆ. ಅದು ದುಡ್ಡಿನ ಪಟ್ಟಿಯಲ್ಲೇ ಇರಲಿ. ನೀವು ಸರಿಯಾಗೇ ಇಟ್ಟಿದ್ದೀರಿ.

ಇನ್ನೊಂದು ವಾಲ್ ಟ್ಯೂಬ್. ಇದನ್ನು ಹಾಕಲು ವಾಲ್ ಬಿಚ್ಚಲೇಬೇಕು, ಆದರೂ ಫ್ರೀ ಮಾಡಿ ಅಂತ ಕೈಮುಗಿದು ಹೇಳುತ್ತೇನೆ. ರಜೆಯಲ್ಲಿ ಎರಡು ತಿಂಗಳು ಮೂಲೆಯಲ್ಲಿ ನಿಂತಿದ್ದ ಸೈಕಲ್‌ಗಳಲ್ಲಿ 'ಪಂಕ್ಚರ್ ಆಗಿದೆ' ಅಂತ ಬರುವ ಕೆಲವು ಪಂಕ್ಚರ್ ಆಗಿರುವುದೇ ಇಲ್ಲ. ವಾಲ್ ಒಳಗಿನ ಆ ಸಣ್ಣ ರಬ್ಬರ್ ಕೊಳವೆ ಒಣಗಿ ಸೀಳಿರುತ್ತದೆ, ಅಥವಾ ವಾಲಿಗೆ ಅಂಟಿಕೊಂಡು ಹರಿದಿರುತ್ತದೆ. ಗಾಳಿ ಹೊಡೆದು, ವಾಲ್ ಬಾಯಿಗೆ ಒದ್ದೆ ಬೆರಳು ಹಚ್ಚಿ ನೋಡಿ. ಗುಳ್ಳೆ ಬಂದರೆ ರೋಗ ಅಲ್ಲೇ ಇದೆ. ಟೈರ್ ಬಿಚ್ಚುವ ಮುಂಚೆ ಇದೊಂದು ನೋಡಿದರೆ ಗಿರಾಕಿಗೆ 40 ರೂಪಾಯಿ ಉಳಿಯುತ್ತದೆ, ನಿಮಗೆ 15 ನಿಮಿಷ ಉಳಿಯುತ್ತದೆ. ಕ್ಯಾಪ್ಷನ್‌ನಲ್ಲಿ 'ವಾಲ್ ಟ್ಯೂಬ್ ಹೋಗಿದ್ದರೆ ಫ್ರೀಯಾಗಿ ಹಾಕಿಕೊಡುತ್ತೇವೆ' ಅಂತ ಒಂದು ಸಾಲು ಹಾಕಿ. ಸೈಕಲ್ ಗೊತ್ತಿರುವವರಿಗೆ ಆ ಒಂದು ಸಾಲಿನಲ್ಲೇ ನೀವು ಎಂಥ ಅಂಗಡಿಯವರು ಅಂತ ತಿಳಿಯುತ್ತದೆ.

ಈಗ ಫ್ರೀ ಪಟ್ಟಿಯ ಮಾತು. 'ಬ್ರೇಕ್ ಚೆಕ್, ಚೈನ್ ಚೆಕ್, ಏರ್ ಚೆಕ್' ಅಂತ ಬರೆದರೆ ಅದು ಎಲ್ಲ ಅಂಗಡಿಯ ಬೋರ್ಡಿನಲ್ಲೂ ಇರುವ ಮಾತು. ಓದುವವರಿಗೆ ಅದರಿಂದ ಏನೂ ಕಾಣುವುದಿಲ್ಲ. ಚೆಕ್ ಅಂದರೆ ನೋಡಿ ಬಿಡುವುದಾ, ಸರಿ ಮಾಡುವುದಾ? ಅದನ್ನೇ ಬರೆಯಿರಿ. 'ಬ್ರೇಕ್ ನೋಡುತ್ತೇವೆ, ಸಡಿಲ ಇದ್ದರೆ ಬಿಗಿ ಮಾಡುತ್ತೇವೆ.' 'ಚೈನ್ ಒರೆಸಿ ಎಣ್ಣೆ ಬಿಡುತ್ತೇವೆ.' ಏನು ಮಾಡುತ್ತೀರಿ ಅಂತ ಬರೆದಾಗ ಏನು ಮಾಡುವುದಿಲ್ಲ ಅನ್ನುವುದೂ ತಾನಾಗೇ ತಿಳಿಯುತ್ತದೆ.

ಬರೆದ ಮೇಲೆ ಹಾಗೇ ಮಾಡಲೂ ಬೇಕು. ಚೈನ್ ಎಣ್ಣೆಯನ್ನೇ ನೋಡಿ. ಮಣ್ಣು ಹಿಡಿದ ಚೈನಿಗೆ ಸುಮ್ನೆ ಮೇಲಿಂದ ಎಣ್ಣೆ ಸುರಿದರೆ ಅದು ಉಪಕಾರ ಅಲ್ಲ, ಅಪಕಾರ. ಎಣ್ಣೆಯೂ ಮಣ್ಣೂ ಸೇರಿ ಉಜ್ಜುವ ಹಿಟ್ಟಿನ ಹಾಗಾಗಿ ಪಿನ್‌ಗಳನ್ನು ತಿನ್ನುತ್ತದೆ. ಹಳೆಯ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲನ್ನು ಹಿಂದಕ್ಕೆ ನಾಲ್ಕೈದು ಸುತ್ತು ತಿರುಗಿಸಿ ಮೊದಲು ಒರೆಸಬೇಕು. ಆಮೇಲೆ ಒಂದೊಂದು ಕೊಂಡಿಯ ರೋಲರ್ ಮೇಲೆ ಒಂದೊಂದು ಹನಿ ಬಿಡಬೇಕು. ಒಳಕ್ಕೆ ಇಳಿಯಲು ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಬೇಕು. ಇದಕ್ಕೆ ನಾಲ್ಕು ನಿಮಿಷ ಬೇಕು. ನಾಲ್ಕು ನಿಮಿಷ ಕೊಡಲು ಆಗುವುದಿಲ್ಲ ಅಂದರೆ ಆ ಸಾಲನ್ನೇ ಪಟ್ಟಿಯಿಂದ ತೆಗೆದುಬಿಡಿ.

ಚೈನ್ ಅಳೆದು ತೋರಿಸುವುದನ್ನೂ ಫ್ರೀ ಪಟ್ಟಿಗೆ ಸೇರಿಸಿ. ಇದಕ್ಕೆ ಒಂದು ಸ್ಟೀಲ್ ಸ್ಕೇಲ್ ಸಾಕು, ಬೇರೆ ಯಾವ ಉಪಕರಣವೂ ಬೇಡ. ಸೈಕಲ್ ಚೈನಿನಲ್ಲಿ ಒಂದು ಪಿನ್‌ನಿಂದ ಪಕ್ಕದ ಪಿನ್‌ಗೆ ಅರ್ಧ ಇಂಚು. ಹಾಗಾಗಿ ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್‌ನ ನಡುವಿಗೆ ಇಟ್ಟು, ಚೈನ್ ಬಿಗಿಯಾಗಿ ಎಳೆದು, 12ನೇ ಇಂಚಿನ ಗೆರೆ ನೋಡಿ. ಪಿನ್ ಆ ಗೆರೆಯ ಮೇಲೇ ಇದ್ದರೆ ಚೈನ್ ಚೆನ್ನಾಗಿದೆ. ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ, ಗೇರ್ ಸೈಕಲ್ ಆದರೆ ಚೈನ್ ಬದಲಿಸುವ ಕಾಲ ಬಂತು. ಇಂಚಿನ ಎಂಟನೇ ಒಂದು ಭಾಗ ಹೋಗಿದ್ದರೆ ಚೈನ್ ಮುಗಿದಿದೆ, ಜೊತೆಗೆ ಫ್ರೀವೀಲಿನ ಹಲ್ಲೂ ಸವೆದಿರುವ ಸಂಭವ ಜಾಸ್ತಿ. ಅಂಥ ಫ್ರೀವೀಲ್ ಮೇಲೆ ಹೊಸ ಚೈನ್ ಮಾತ್ರ ಹಾಕಿದರೆ ಜೋರಾಗಿ ತುಳಿದಾಗ ಜಾರುತ್ತದೆ. ಗೇರ್ ಇಲ್ಲದ ಸಾದಾ ಸೈಕಲ್‌ಗೆ ಸ್ವಲ್ಪ ರಿಯಾಯಿತಿ ಇದೆ. ಅಲ್ಲಿ ಚೈನ್ ದಪ್ಪ, ಹಲ್ಲುಗಳೂ ದಪ್ಪ, ಒಂದಷ್ಟು ದಿನ ಹೆಚ್ಚಿಗೆ ಓಡಿಸಬಹುದು. ಗಿರಾಕಿಯ ಕೈಗೇ ಸ್ಕೇಲ್ ಕೊಟ್ಟು ನೋಡಿ ಅನ್ನಿ. ಅವರೇ ಗೆರೆ ನೋಡಿದ ಮೇಲೆ 'ಸುಮ್ನೆ ಪಾರ್ಟ್ ಮಾರೋಕೆ ಹೇಳ್ತಿದಾನೆ' ಅನ್ನುವ ಅನುಮಾನ ಬರುವುದೇ ಇಲ್ಲ.

ಗಾಳಿಯದ್ದು ಒಂದು ಎಚ್ಚರಿಕೆ. ಎಷ್ಟು ಗಾಳಿ ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನು ಓದಿ ಹೊಡೆಯಿರಿ. ಕಂಪ್ರೆಸರ್ ಇದ್ದರೆ ಸಣ್ಣ ಮಕ್ಕಳ ಸೈಕಲ್‌ಗೆ ಅದನ್ನು ಮುಟ್ಟಿಸಬೇಡಿ. ಸಣ್ಣ ಟ್ಯೂಬು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಒಡೆಯುತ್ತದೆ. ಫ್ರೀ ಗಾಳಿಗೆ ಬಂದ ಮಗು ಒಡೆದ ಟ್ಯೂಬ್ ತೆಗೆದುಕೊಂಡು ಹೋಗಬಾರದಲ್ವಾ. ಕೈಪಂಪೇ ಸಾಕು.

ದುಡ್ಡಿನ ಪಟ್ಟಿಗೆ ಬರೋಣ. ನಿಮ್ಮ ರೇಟಿನಲ್ಲಿ ಒಂದು ಬಿರುಕು ಇದೆ. ಪಂಕ್ಚರ್ 40 ಅಂದರೆ ಪ್ಯಾಚ್ ಸೇರಿ. ಬ್ರೇಕ್ ವೈರ್ 30 ಅಂದರೆ ಕೂಲಿ ಮಾತ್ರ, ವೈರ್ ಬೇರೆ. ಒಂದೇ ಪಟ್ಟಿಯಲ್ಲಿ ಒಂದು ಸಾಲು ಸಾಮಾನು ಸೇರಿ, ಇನ್ನೊಂದು ಸಾಲು ಸಾಮಾನು ಬಿಟ್ಟು. ನಿಮಗೆ ಇದು ಅಭ್ಯಾಸ, ಓದುವವರಿಗೆ ಗೊತ್ತಾಗುವುದಿಲ್ಲ. ಜನ 30 ರೂಪಾಯಿ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ನೀವು 70 ಕೇಳಿದ ಕೂಡಲೇ ಮುಖ ಬಾಡುತ್ತದೆ. ಆದ್ದರಿಂದ ಕೂಲಿಯೂ ಸಾಮಾನೂ ಕೂಡಿಸಿದ ಮೊತ್ತವನ್ನೇ ಹಾಕಿ. ವೈರ್ ಬೆಲೆ ನಿಮ್ಮಲ್ಲಿ 40 ಅಂತ ಇಟ್ಟುಕೊಂಡರೆ 'ಬ್ರೇಕ್ ವೈರ್, ಹಾಕಿಕೊಡುವುದೂ ಸೇರಿ 70' ಅಂತ ಬರೆಯಿರಿ. '30ರಿಂದ ಶುರು' ಅಂತ ಬರೆಯುವುದೂ ಬೇಡ. 'ರಿಂದ' ಅನ್ನುವ ಎರಡಕ್ಷರದಲ್ಲಿ ಎಷ್ಟು ಜಗಳ ಹುಟ್ಟಿದೆ ಅಂತ ನಾನು ಕಂಡಿದ್ದೇನೆ.

ಪಟ್ಟಿಯಲ್ಲಿ ಬ್ರೇಕ್ ಶೂ ಇಲ್ಲ. ಅದನ್ನು ಸೇರಿಸಲೇಬೇಕು. ಶಾಲೆ ಮಕ್ಕಳ ಸೈಕಲ್‌ಗೆ ಮೊದಲು ಬೇಕಾಗುವುದೇ ಅದು. ಶೂ ಮೇಲೆ ಅಡ್ಡ ಗೀರುಗಳಿರುತ್ತವೆ. ಗೀರು ಅಳಿಸಿ ನುಣ್ಣಗಾಗಿದ್ದರೆ ಬದಲಿಸಬೇಕು. ಹಾಗೇ ಬಿಟ್ಟರೆ ರಬ್ಬರ್ ಸವೆದು ಒಳಗಿನ ಲೋಹ ರಿಮ್ಮಿಗೆ ಉಜ್ಜುತ್ತದೆ. ಆಮೇಲೆ ಹೋಗುವುದು ರಿಮ್ಮೇ.

ಹಳೆಯ ಕಪ್ಪು ಸೈಕಲ್‌ಗಳು ನಿಮ್ಮಲ್ಲಿಗೆ ಬಂದೇ ಬರುತ್ತವೆ. ಹಾಲಿನವರು, ಹೂವಿನವರು, ಹೊಲಕ್ಕೆ ಹೋಗುವ ಹಿರಿಯರು ತರುತ್ತಾರೆ. ಅವುಗಳಲ್ಲಿ ಪೆಡಲ್ ತುಳಿದಾಗ ಒಂದೊಂದು ಸುತ್ತಿಗೂ 'ಟಕ್' ಅಂತ ಶಬ್ದ ಬರುತ್ತದೆ ಅಂತ ಹೇಳಿದರೆ ಮೊದಲು ಕಾಟರ್ ಪಿನ್ ನೋಡಿ. ಎರಡೂ ಕ್ರ್ಯಾಂಕ್ ಹಿಡಿದು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಒತ್ತಿ. ಒಂದು ಕೈಗೆ ಮಾತ್ರ ಸಣ್ಣ ಆಟ ಸಿಕ್ಕಿದರೆ ಆ ಕಡೆಯ ಪಿನ್ ಸಡಿಲ. ಎರಡೂ ಒಟ್ಟಿಗೆ ಪಕ್ಕಕ್ಕೆ ಅಲ್ಲಾಡಿದರೆ ಪಿನ್ ಅಲ್ಲ, ಒಳಗಿನ ಕಪ್ ಮತ್ತು ಬಾಲ್ಸ್. ಎಷ್ಟೋ ಹುಡುಗರು ಪಿನ್ನಿನ ನಟ್ ಬಿಗಿ ಮಾಡಿ 'ಆಯ್ತು' ಅಂದುಬಿಡುತ್ತಾರೆ. ಮರುದಿನ ಮತ್ತೆ ಟಕ್ ಟಕ್. ನಟ್ ಇರುವುದು ಪಿನ್ನನ್ನು ಎಳೆದು ಕೂರಿಸಲು ಅಲ್ಲ, ಕೂತ ಪಿನ್ ಹೊರಬರದಂತೆ ಹಿಡಿಯಲು. ಕೆಳಗೆ ಆಸರೆ ಕೊಟ್ಟು ಸುತ್ತಿಗೆಯಲ್ಲಿ ಬಡಿದು ಪಿನ್ ಕೂರಿಸಿ, ಆಮೇಲೆ ನಟ್ ಹಾಕಬೇಕು. ಸವೆದ ಪಿನ್ ಆದರೆ ಹೊಸದೇ ಬೇಕು. ಇದು ದುಡ್ಡಿನ ಕೆಲಸ, ಅದಕ್ಕೂ ಒಂದು ಸಾಲು ಇರಲಿ. ಶಬ್ದ ಬರುತ್ತಿರುವ ಸೈಕಲ್ ಇಟ್ಟುಕೊಂಡವರು ಆ ಸಾಲು ಓದಿಯೇ ಬರುತ್ತಾರೆ.

ಓವರಾಯ್ಲಿಂಗ್ ಮಾತ್ರ ಕ್ಯಾಂಪಿನ ದಿನ ಬೇಡ. ಹಬ್, ಕಪ್, ಫೋರ್ಕ್ ಎಲ್ಲ ಬಿಚ್ಚಿ ತೊಳೆದು ಗ್ರೀಸ್ ತುಂಬಲು ಅರ್ಧ ದಿನ ಬೇಕು. ಆ ಎರಡು ದಿನ ಸೈಕಲ್ ತೆಗೆದುಕೊಳ್ಳಿ, ಚೀಟಿ ಬರೆದುಕೊಡಿ, ಬುಧವಾರ ಕೊಡುತ್ತೇವೆ ಅನ್ನಿ. ಇದು ಕ್ಯಾಪ್ಷನ್‌ನಲ್ಲೇ ಇರಬೇಕು. ಇಲ್ಲದಿದ್ದರೆ 'ಕೂತಿರ್ತೀನಿ, ಮಾಡಿಕೊಡಿ' ಅಂತ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

ಯಾವುದನ್ನು ಮಾಡುವುದಿಲ್ಲ ಅಂತಲೂ ಒಂದು ಸಾಲು ಬರೆಯಿರಿ, ಸಂಕೋಚ ಬೇಡ. ಎಣ್ಣೆಯಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್‌ನಲ್ಲಿ ಎರಡು ಜಾತಿ ಇವೆ. ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ಆಯಿಲ್. ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ಸೀಲ್‌ಗಳು ಹಾಳಾಗುತ್ತವೆ. ಎರಡೂ ಎಣ್ಣೆ, ಅದಕ್ಕೆ ಬೇಕಾದ ಕಿಟ್ ಇಲ್ಲದಿದ್ದರೆ ಮುಟ್ಟಬೇಡಿ. ಬ್ಯಾಟರಿ ಸೈಕಲ್ ಬಂದರೆ ಬ್ರೇಕ್, ಗಾಳಿ, ಚೈನ್ ನೋಡಿಕೊಡಿ. ಬ್ಯಾಟರಿ, ಮೋಟಾರು ಬೇಡ.

ಸಮಯದ ವಿಷಯದಲ್ಲಿ 'ಈ ವೀಕೆಂಡ್ 9-6' ಅನ್ನುವುದು ಎರಡು ಕಡೆ ಕೈಕೊಡುತ್ತದೆ. ವಾಟ್ಸಾಪಿನಲ್ಲಿ ಹೋದ ಪೋಸ್ಟ್ ಸುಮ್ಮನೆ ಇರುವುದಿಲ್ಲ, ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸುತ್ತುತ್ತಾ ಇರುತ್ತದೆ. ಜೂನ್ ಎರಡನೇ ವಾರ ಅದನ್ನು ನೋಡಿದವರಿಗೂ ಅದು 'ಈ ವೀಕೆಂಡೇ'. ಆದ್ದರಿಂದ ತಾರೀಕೂ ಬೇಕು, ವಾರವೂ ಬೇಕು: ಮೇ 30 ಶನಿವಾರ, ಮೇ 31 ಭಾನುವಾರ. ಎರಡೂ ಇದ್ದರೆ ಒಂದನ್ನು ತಪ್ಪಾಗಿ ಬರೆದಿದ್ದರೂ ಯಾರಾದರೂ ಹಿಡಿದು ಹೇಳುತ್ತಾರೆ. ಪೋಸ್ಟರ್ ಚಿತ್ರದ ಮೇಲೂ ಇದೇ ತಾರೀಕು ಇರಲಿ, ಏಕೆಂದರೆ ಜನ ಚಿತ್ರ ಮಾತ್ರ ಫಾರ್ವರ್ಡ್ ಮಾಡುತ್ತಾರೆ, ಕೆಳಗಿನ ಬರಹ ಅಲ್ಲೇ ಉಳಿಯುತ್ತದೆ.

ಇನ್ನೊಂದು, 9-6 ಅಂದರೆ 6ಕ್ಕೆ ಶಟರ್ ಎಳೆಯುವುದಾ, 6ರ ತನಕ ಸೈಕಲ್ ತೆಗೆದುಕೊಳ್ಳುವುದಾ? ನಿಮ್ಮ ಮನಸ್ಸಿನಲ್ಲಿ ಮೊದಲನೆಯದು, ಓದುವವರ ಮನಸ್ಸಿನಲ್ಲಿ ಎರಡನೆಯದು. 5:50ಕ್ಕೆ ನಾಲ್ಕು ಸೈಕಲ್ ಒಟ್ಟಿಗೆ ಬಂದರೆ ಇಬ್ಬರೂ ಸರಿ, ಇಬ್ಬರಿಗೂ ಬೇಜಾರು. ಕೊನೆಯ ಸೈಕಲ್ ತೆಗೆದುಕೊಳ್ಳುವ ಹೊತ್ತನ್ನು ಬೇರೆಯಾಗಿ ಬರೆಯಿರಿ. ಮಧ್ಯಾಹ್ನ ಊಟಕ್ಕೆ ಮುಚ್ಚುವುದನ್ನೂ ಬರೆಯಿರಿ. ದಾವಣಗೆರೆಯ ಮೇ ಬಿಸಿಲಿನಲ್ಲಿ ಸೈಕಲ್ ತಳ್ಳಿಕೊಂಡು ಬಂದವರು ಮುಚ್ಚಿದ ಬಾಗಿಲು ನೋಡಬಾರದು.

ಎಷ್ಟು ಸೈಕಲ್ ಆಗುತ್ತದೆ ಅಂತ ಲೆಕ್ಕ ಹಾಕಿಯೇ ಸಮಯ ಬರೆಯಬೇಕು. ನಿಮ್ಮದನ್ನೇ ಹಾಕೋಣ. ಊಟಕ್ಕೆ 1ರಿಂದ 3 ಮುಚ್ಚುತ್ತೀರಿ ಅಂತ ಇಟ್ಟುಕೊಂಡರೆ ಬೆಳಗ್ಗೆ 9ರಿಂದ 1, ಮಧ್ಯಾಹ್ನ 3ರಿಂದ 6. ಒಟ್ಟು 7 ಗಂಟೆ, 420 ನಿಮಿಷ. ಒಂದು ಚೆಕಪ್‌ಗೆ ಎರಡು ಬ್ರೇಕಿಗೆ 3 ನಿಮಿಷ, ಗಾಳಿಗೆ 2, ಚೈನಿಗೆ 4, ಹ್ಯಾಂಡಲ್, ಪೆಡಲ್, ವೀಲ್ ಅಲ್ಲಾಡಿಸಿ ನೋಡಲು 3. ಎಲ್ಲ ಸೇರಿ 12 ನಿಮಿಷ. ನೀವೊಬ್ಬರೇ ಚೆಕಪ್ ಮಾಡಿದರೆ ದಿನಕ್ಕೆ 35 ಸೈಕಲ್. ಆದರೆ ಜನ ಮಾತಾಡಿಸುತ್ತಾರೆ, ಫೋನ್ ಬರುತ್ತದೆ, ನೀರು ಕುಡಿಯಬೇಕು. 30ಕ್ಕೆ ನಿಲ್ಲಿಸಿ. ಬೆಳಗ್ಗೆ 17 ಟೋಕನ್, ಮಧ್ಯಾಹ್ನ 13.

ಹುಡುಗ ಆ ಹೊತ್ತಿನಲ್ಲಿ ದುಡ್ಡಿನ ಕೆಲಸ ಮಾತ್ರ ಮಾಡಲಿ. ಪಂಕ್ಚರ್, ವೈರ್, ಶೂ ಅಂಥವಕ್ಕೆ ಸರಾಸರಿ 20 ನಿಮಿಷ ಹಿಡಿದರೂ ಅವನಿಂದ ದಿನಕ್ಕೆ 20 ಕೆಲಸ ಆಗಬಹುದು. ಅದಕ್ಕಿಂತ ಜಾಸ್ತಿ ಬಂದರೆ ಸೈಕಲ್ ಇಟ್ಟುಕೊಂಡು ಚೀಟಿ ಕೊಡಿ. ಇಬ್ಬರೂ ಎಲ್ಲವನ್ನೂ ಮಾಡಲು ಹೋದರೆ ಒಂದು ವೀಲ್ ಬೆಂಡಿಗೆ ಇಬ್ಬರೂ ಬಗ್ಗಿ ನಿಂತಿರುತ್ತೀರಿ, ಚೆಕಪ್ ಸಾಲು ರಸ್ತೆಗೆ ಬಂದಿರುತ್ತದೆ.

ಇಷ್ಟೆಲ್ಲ ಇಟ್ಟುಕೊಂಡು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ವೈರ್, ಶೂ, ಪಿನ್ ಬೆಲೆಗಳು ನನ್ನ ಅಂದಾಜು, ನಿಮ್ಮ ಬೆಲೆ ಹಾಕಿಕೊಳ್ಳಿ.

ಸೈಕಲ್ ಚೆಕಪ್ ಫ್ರೀ. ರಿಪೇರಿ ಇದ್ದರೆ ಮಾತ್ರ ದುಡ್ಡು, ಅದೂ ನಿಮ್ಮನ್ನು ಕೇಳಿದ ಮೇಲೆ.
ಮೇ 30 ಶನಿವಾರ, ಮೇ 31 ಭಾನುವಾರ. ಗುಂಡಿ ಸರ್ಕಲ್ ಹತ್ತಿರ, ನಮ್ಮ ಅಂಗಡಿಯಲ್ಲಿ.

ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ತನಕ.
ಮಧ್ಯಾಹ್ನ 3ರಿಂದ ಸಂಜೆ 6ರ ತನಕ.
ದಿನಕ್ಕೆ 30 ಸೈಕಲ್. ಟೋಕನ್ ಬೆಳಗ್ಗೆ 9ಕ್ಕೆ 17, ಮಧ್ಯಾಹ್ನ 3ಕ್ಕೆ 13. ಸಂಜೆ 5ರ ಮೇಲೆ ಹೊಸ ಸೈಕಲ್ ತೆಗೆದುಕೊಳ್ಳುವುದಿಲ್ಲ.

ಫ್ರೀಯಾಗಿ ಮಾಡುವುದು:
ಬ್ರೇಕ್ ನೋಡುತ್ತೇವೆ, ಸಡಿಲ ಇದ್ದರೆ ಬಿಗಿ ಮಾಡುತ್ತೇವೆ.
ಗಾಳಿ ಹೊಡೆಯುತ್ತೇವೆ. ವಾಲ್ ಟ್ಯೂಬ್ ಹೋಗಿದ್ದರೆ ಹೊಸದು ಹಾಕುತ್ತೇವೆ.
ಚೈನ್ ಒರೆಸಿ ಎಣ್ಣೆ ಬಿಡುತ್ತೇವೆ. ಎಷ್ಟು ಸವೆದಿದೆ ಅಂತ ಅಳೆದು ತೋರಿಸುತ್ತೇವೆ.
ಹ್ಯಾಂಡಲ್, ಸೀಟ್, ಪೆಡಲ್, ವೀಲ್ ನಟ್ ಬಿಗಿ ಮಾಡುತ್ತೇವೆ.

ದುಡ್ಡಿನ ಕೆಲಸ (ಸಾಮಾನು, ಕೂಲಿ ಎರಡೂ ಸೇರಿ):
ಪಂಕ್ಚರ್, ಒಂದಕ್ಕೆ 40 ರೂ.
ಬ್ರೇಕ್ ವೈರ್, ಒಂದಕ್ಕೆ 70 ರೂ.
ಬ್ರೇಕ್ ಶೂ, ಒಂದು ಜೊತೆ 60 ರೂ.
ಕಾಟರ್ ಪಿನ್, ಒಂದಕ್ಕೆ 50 ರೂ.
ವೀಲ್ ಬೆಂಡ್ ತೆಗೆಯುವುದು, ಒಂದು ವೀಲಿಗೆ 80 ರೂ. ಕಡ್ಡಿ ಮುರಿದಿದ್ದರೆ ಕಡ್ಡಿಯ ದುಡ್ಡು ಬೇರೆ.
ಓವರಾಯ್ಲಿಂಗ್ 450 ರೂ. ಹೊಸ ಪಾರ್ಟ್ ಬೇಕಾದರೆ ಅದರ ಬೆಲೆ ಬೇರೆ, ಮೊದಲೇ ಹೇಳುತ್ತೇವೆ. ಸೈಕಲ್ ಬಿಟ್ಟುಹೋಗಬೇಕು, ಬುಧವಾರ ಸಂಜೆ ಸಿಗುತ್ತದೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಬ್ಯಾಟರಿ, ಮೋಟಾರ್ ಕೆಲಸ ಮಾಡುವುದಿಲ್ಲ.

ಮೊದಲ ಸಾಲನ್ನು ಒಮ್ಮೆ ನೋಡಿ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್‌ನ ಆರಂಭ ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ತುಂಬಾ ಜನ ಒತ್ತುವುದಿಲ್ಲ. ಆದ್ದರಿಂದ 'ನಮಸ್ಕಾರ ಸ್ನೇಹಿತರೇ' ಅಂತಲೋ ಅಂಗಡಿಯ ಹೆಸರಿನಿಂದಲೋ ಶುರುಮಾಡಿಲ್ಲ. ಏನು ಫ್ರೀ, ಯಾವುದಕ್ಕೆ ದುಡ್ಡು, ಯಾವತ್ತು, ಎಲ್ಲಿ ಅನ್ನುವುದು ಮೊದಲ ಎರಡು ಸಾಲಿನಲ್ಲೇ ಮುಗಿದಿದೆ. 'ಕೇಳಿದ ಮೇಲೆ' ಅನ್ನುವ ಮಾತು ಅಲ್ಲಿ ಇರಲೇಬೇಕು. ಅಂಗಡಿಗೆ ಸೈಕಲ್ ಕೊಡಲು ಹಿಂಜರಿಯುವವರ ಭಯ ಅದೊಂದೇ. ವಾಟ್ಸಾಪ್ ಸ್ಟೇಟಸ್‌ಗೆ ಈ ಎರಡು ಸಾಲೂ ಸಮಯದ ಸಾಲುಗಳೂ ಸಾಕು. ಪಟ್ಟಿಯನ್ನು ಕೇಳಿದವರಿಗೆ ಕಳಿಸಿ.

'ಕೇಳಿದ ಮೇಲೆ' ಅಂತ ಬರೆದಿದ್ದನ್ನು ಅಂಗಡಿಯಲ್ಲಿ ಹೇಗೆ ನಡೆಸಬೇಕು ಅಂತ ಒಂದು ಸೈಕಲ್ ಹಿಡಿದು ಹೇಳುತ್ತೇನೆ. ಏಳನೇ ಟೋಕನ್, ಏಳನೇ ಕ್ಲಾಸಿನ ಹುಡುಗಿಯ ಸೈಕಲ್ ಬಂತು ಅನ್ನಿ. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಬರುತ್ತದೆ. ವೈರ್ ಎಳೆದು ಬಿಗಿ ಮಾಡಿದಿರಿ, ಸರಿಹೋಯಿತು, ಫ್ರೀ. ಆದರೆ ಮುಂದಿನ ಶೂಗಳ ಗೀರು ಅಳಿಸುತ್ತಾ ಬಂದಿದೆ. ಹಿಂದಿನ ವೈರ್ ಲಿವರ್ ಒಳಗೆ ಸೇರುವ ಜಾಗದಲ್ಲಿ ಮೂರು ಎಳೆ ಬಿಟ್ಟಿದೆ. ಚೈನ್ 12 ಇಂಚಿನ ಗೆರೆಯ ಮೇಲೇ ಇದೆ. ಏನನ್ನೂ ಬಿಚ್ಚಬೇಡಿ. ಟೋಕನ್ ಚೀಟಿಯ ಹಿಂದೆ ಬರೆಯಿರಿ: ಹಿಂದಿನ ವೈರ್ 70, ಮುಂದಿನ ಶೂ 60, ಒಟ್ಟು 130. ಅವರಮ್ಮನ ಕೈಗೆ ಚೀಟಿ ಕೊಡಿ, ಹರಿದ ಎಳೆಯನ್ನು ಬೆರಳಿಟ್ಟು ತೋರಿಸಿ.

ಅವರು 'ನೂರೇ ಇದೆ' ಅಂದರೆ ಯಾವುದು ಮೊದಲು ಅಂತ ನೀವೇ ಹೇಳಬೇಕು. ವೈರ್ ಮೊದಲು. ಎಳೆ ಬಿಟ್ಟ ವೈರ್ ಜೋರಾಗಿ ಬ್ರೇಕ್ ಹಿಡಿದ ಹೊತ್ತಿಗೇ, ಅಂದರೆ ಬ್ರೇಕ್ ಬೇಕೇ ಬೇಕಾದ ಹೊತ್ತಿಗೇ ತುಂಡಾಗುತ್ತದೆ. ಶೂ ಸವೆಯುವುದು ನಿಧಾನ, ಇನ್ನೂ ಸ್ವಲ್ಪ ರಬ್ಬರ್ ಇದ್ದರೆ ಒಂದೆರಡು ವಾರ ತಡೆಯುತ್ತದೆ. 70 ತೆಗೆದುಕೊಂಡು ವೈರ್ ಹಾಕಿ, ಶೂ ಬಾಕಿ ಇದೆ ಅಂತ ಚೀಟಿಯಲ್ಲಿ ಬರೆದುಕೊಡಿ. ಅವರು 'ಏನೂ ಬೇಡ' ಅಂದರೂ ಅದೇ ಚೀಟಿ ಕೊಟ್ಟು, ಹಿಂದಿನ ಬ್ರೇಕ್ ನಂಬಬೇಡಮ್ಮಾ ಅಂತ ಆ ಹುಡುಗಿಗೇ ಹೇಳಿ ಕಳಿಸಿ. ಚೀಟಿ ಇಟ್ಟುಕೊಂಡು ಆಮೇಲೆ ಬಂದರೆ ಅದೇ 60ಕ್ಕೆ ಶೂ ಹಾಕಿಕೊಡಿ.

ಭಾನುವಾರ ಸಂಜೆ ಅಂಗಡಿ ಮುಚ್ಚುವ ಮುಂಚೆ ಪೋಸ್ಟ್ ತೆರೆದು ಮೊದಲ ಸಾಲನ್ನು ಬದಲಿಸಿ: 'ಕ್ಯಾಂಪ್ ಮುಗಿದಿದೆ. ಕೆಳಗಿನ ರಿಪೇರಿ ರೇಟು ಜೂನ್ ತಿಂಗಳಿಡೀ ಇದೇ ಇರುತ್ತದೆ.' ಜೂನ್‌ನಲ್ಲಿ ಫಾರ್ವರ್ಡ್ ನೋಡಿ ಬಂದವರಿಗೆ ಫ್ರೀ ಚೆಕಪ್ ಇಲ್ಲ ಅನ್ನಬೇಕಾಗಿ ಬಂದರೆ, ಗಾಳಿಯನ್ನಾದರೂ ಫ್ರೀ ಹೊಡೆದು ಕಳಿಸಿ.